ವಾರ್ಡ್ ಬಿಟ್ಟು ಹೊರಡುವ ಇಂಟರ್ನ್‌ಗೆ ಬರೆಯುವ ಪತ್ರ: ಕಂಡದ್ದನ್ನು ಕಂಡ ಹಾಗೆ ಹೇಳುವುದು ಹೇಗೆ?

ಇಂಟರ್ನ್‌ಶಿಪ್ ಮುಗಿಸಿ ಹೊರಡುವ ನರ್ಸ್‌ಗೆ ವಾರ್ಡ್ ಇನ್‌ಚಾರ್ಜ್ ಆದವರು ಒಂದು ಪತ್ರ ಕೊಡಬೇಕು. ಏನು ಚೆನ್ನಾಗಿ ಮಾಡಿದರು, ಎಲ್ಲಿ ಕೊರತೆ ಕಂಡಿತು ಅಂತ. ಹೆಚ್ಚೆಂದರೆ ಒಂದು ಪುಟ. ಬರೆಯಲು ಕೂತರೆ ಮೊದಲು ಬರುವ ವಾಕ್ಯಗಳು ಇವು: "ಕಷ್ಟಪಟ್ಟು ಕೆಲಸ ಮಾಡುತ್ತಾರೆ. ರೋಗಿಗಳ ಜೊತೆ ಸೌಜನ್ಯದಿಂದ ಇರುತ್ತಾರೆ. ಸಮಯಕ್ಕೆ ಸರಿಯಾಗಿ ಬರುತ್ತಾರೆ. ಚಾರ್ಟ್ ಬರೆಯುವಾಗ ಇನ್ನೂ ಗಮನ ಬೇಕು."

ನಾನೂ ವರ್ಷಗಟ್ಟಲೆ ಹೀಗೇ ಬರೆದಿದ್ದೇನೆ. ಈ ನಾಲ್ಕು ವಾಕ್ಯಗಳನ್ನು ಯಾವ ಇಂಟರ್ನ್ ಪತ್ರಕ್ಕೆ ಬೇಕಾದರೂ ಹಾಕಬಹುದು. ಒಂದೂ ಸುಳ್ಳಲ್ಲ. ಆದರೆ ಓದಿದವರಿಗೆ ನಾಳೆ ಬೆಳಿಗ್ಗೆ ಡ್ಯೂಟಿಯಲ್ಲಿ ಏನನ್ನು ಬೇರೆ ರೀತಿ ಮಾಡಬೇಕು ಅಂತ ಗೊತ್ತಾಗುವುದಿಲ್ಲ. "ಇನ್ನೂ ಗಮನ" ಅಂದರೆ ಎಷ್ಟು? ಯಾವುದಕ್ಕೆ? ಯಾವಾಗ?

1983ರಲ್ಲಿ ಜ್ಯಾಕ್ ಎಂಡೆ ಎಂಬ ಅಮೆರಿಕದ ವೈದ್ಯರು ಇದರ ಬಗ್ಗೆ ಒಂದು ಲೇಖನ ಬರೆದರು. ವೈದ್ಯಕೀಯ ಕಲಿಕೆಯಲ್ಲಿ ಫೀಡ್‌ಬ್ಯಾಕ್ ಹೇಗಿರಬೇಕು ಅನ್ನುವ ಮಾತು ಬಂದರೆ ಇವತ್ತಿಗೂ ಅದನ್ನು ನೆನೆಯುತ್ತಾರೆ. ಅದರಲ್ಲಿ ಅವರು ಮಾರ್ಕ್ಸ್ ಕೊಡುವುದನ್ನೂ ಫೀಡ್‌ಬ್ಯಾಕ್ ಕೊಡುವುದನ್ನೂ ಬೇರೆ ಮಾಡಿದರು. ಮಾರ್ಕ್ಸ್ ಅಂದರೆ ತೀರ್ಪು. ಫೀಡ್‌ಬ್ಯಾಕ್ ಅಂದರೆ ಮಾಹಿತಿ. ಅದು ಕಣ್ಣಾರೆ ಕಂಡದ್ದಾಗಿರಬೇಕು, ಒಂದು ನಿರ್ದಿಷ್ಟ ಕೆಲಸದ ಬಗ್ಗೆ ಇರಬೇಕು, ಮನಸ್ಸು ಮಾಡಿದರೆ ತಿದ್ದಿಕೊಳ್ಳಲು ಆಗುವಂಥದ್ದಾಗಿರಬೇಕು. ಮಾಡಿದ ಕೆಲಸದ ಬಗ್ಗೆ ಮಾತಾಡಬೇಕೇ ಹೊರತು, ಹಾಗೆ ಮಾಡಿದ್ದರ ಹಿಂದೆ ಇಂಥ ಉದ್ದೇಶವಿತ್ತು ಅಂತ ನಾವೇ ಊಹಿಸಬಾರದು.

ಕೇಳಲು ಸುಲಭ. ಆದರೆ ಕೂತು ಬರೆಯುವಾಗ ಇದು ಎಲ್ಲಿ ತಪ್ಪುತ್ತದೆ ಅನ್ನುವುದನ್ನು ಒಂದೇ ಉದಾಹರಣೆ ಹಿಡಿದು ಹೇಳುತ್ತೇನೆ.

ಆರು ತಿಂಗಳು ನಮ್ಮ ಮೆಡಿಕಲ್ ವಾರ್ಡ್‌ನಲ್ಲಿದ್ದ ಒಬ್ಬ ಇಂಟರ್ನ್. ಎಲ್ಲರಿಗೂ ಇಷ್ಟವಾದ ಹುಡುಗಿ. ಎರಡನೇ ತಿಂಗಳ ಒಂದು ಮಧ್ಯಾಹ್ನ, ಎರಡು ಗಂಟೆಯ ವೈಟಲ್ಸ್ ಮುಗಿಸಿ ಚಾರ್ಟ್‌ಗಳನ್ನು ಜೋಡಿಸಿಟ್ಟಿದ್ದಳು. ನಾನು ಸುಮ್ನೆ ತಿರುವಿ ಹಾಕಿದೆ. ಒಂಬತ್ತು ರೋಗಿಗಳು. ಉಸಿರಾಟದ ಲೆಕ್ಕ ಏಳು ಜನಕ್ಕೆ 20, ಇಬ್ಬರಿಗೆ 18.

ಒಂಬತ್ತು ಜನ ಬೇರೆ ಬೇರೆ ಕಾಯಿಲೆಯವರು. ಒಬ್ಬರಿಗೆ ನ್ಯುಮೋನಿಯಾ, ಒಬ್ಬರಿಗೆ ಹೃದಯದ ತೊಂದರೆ, ಒಬ್ಬರು ನಾಳೆ ಮನೆಗೆ ಹೋಗುವವರು. ಇವರೆಲ್ಲ ಒಂದೇ ಲಯದಲ್ಲಿ ಉಸಿರಾಡಲು ಸಾಧ್ಯವೇ?

ಇಲ್ಲಿ ಒಂದು ಸಣ್ಣ ಗುಟ್ಟು ಹೇಳಬೇಕು. ಚಾರ್ಟ್ ಪರೀಕ್ಷಿಸುವವರಿಗೆ ತುಂಬ ಉಪಯೋಗಕ್ಕೆ ಬರುತ್ತದೆ. ಉಸಿರನ್ನು 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಿದರೆ 16, 20, 24 ಹೀಗೆ ನಾಲ್ಕರ ಮಗ್ಗಿಯ ಅಂಕಿಗಳೇ ಬರುತ್ತವೆ. 30 ಸೆಕೆಂಡ್ ಎಣಿಸಿ ಎರಡರಿಂದ ಗುಣಿಸಿದರೆ ಸಮಸಂಖ್ಯೆಗಳು ಮಾತ್ರ. 17, 19, 23 ಬರಬೇಕಾದರೆ ಪೂರ್ತಿ ಒಂದು ನಿಮಿಷ ಎಣಿಸಿರಲೇಬೇಕು. ಹಾಗಾಗಿ ಒಂದು ವಾರದ ಚಾರ್ಟ್‌ಗಳಲ್ಲಿ ಒಂದೂ ಬೆಸಸಂಖ್ಯೆ ಇಲ್ಲ ಅಂದರೆ, ಯಾರೂ ಒಂದು ನಿಮಿಷ ಮಂಚದ ಪಕ್ಕ ನಿಂತು ಎಣಿಸುತ್ತಿಲ್ಲ ಅಂತಲೇ ತಿಳಿಯಬಹುದು. 15 ಸೆಕೆಂಡಿನ ಲೆಕ್ಕದಲ್ಲಿ ಇನ್ನೊಂದು ಅಪಾಯವಿದೆ. ಒಂದೇ ಒಂದು ಉಸಿರು ತಪ್ಪಿದರೂ ಉತ್ತರ ನಾಲ್ಕು ಹೆಚ್ಚುಕಡಿಮೆ ಆಗುತ್ತದೆ.

ಆಕೆಯನ್ನು ಕರೆದುಕೊಂಡು ನ್ಯುಮೋನಿಯಾ ಇದ್ದ ರೋಗಿಯ ಹತ್ತಿರ ಹೋದೆ. ಸುಮಾರು ಎಪ್ಪತ್ತು ವಯಸ್ಸಿನವರು. ದಿಂಬಿಗೆ ಒರಗಿ ಕೂತು ಮಗನ ಜೊತೆ ಮಾತಾಡುತ್ತಿದ್ದರು. ನಾಡಿ ಹಿಡಿದವಳ ಹಾಗೆ ಮಣಿಕಟ್ಟು ಹಿಡಿದು, ಅವರ ಎದೆಯ ಏರಿಳಿತ ನೋಡುತ್ತಾ ಒಂದು ನಿಮಿಷ ಎಣಿಸಿದೆ. ಉಸಿರು ಎಣಿಸುತ್ತಿದ್ದೇವೆ ಅಂತ ಗೊತ್ತಾದರೆ ಜನ ಉಸಿರಾಟ ಬದಲಿಸಿಬಿಡುತ್ತಾರೆ, ಅದಕ್ಕೇ ಈ ಉಪಾಯ. 26 ಬಂತು. ಚಾರ್ಟ್‌ನಲ್ಲಿ 20 ಇತ್ತು.

ಆರು ಉಸಿರಿನ ವ್ಯತ್ಯಾಸ ಏನು ದೊಡ್ಡದು ಅನ್ನಿಸಬಹುದು. ಅಂಕ ಹಾಕಿ ನೋಡೋಣ. ರೋಗಿಯ ಸ್ಥಿತಿ ಕೆಡುತ್ತಿದೆಯೇ ಅಂತ ಬೇಗ ಕಂಡುಹಿಡಿಯಲು ಅನೇಕ ಕಡೆ ನ್ಯೂಸ್ 2 ಎಂಬ ಅಂಕಪದ್ಧತಿ ಬಳಸುತ್ತಾರೆ. ಬ್ರಿಟನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಷಿಯನ್ಸ್ ಇದನ್ನು 2012ರಲ್ಲಿ ತಂದು 2017ರಲ್ಲಿ ಪರಿಷ್ಕರಿಸಿತು. ಉಸಿರು, ರಕ್ತದ ಆಕ್ಸಿಜನ್, ಬಿಪಿ, ನಾಡಿ, ಎಚ್ಚರ, ಜ್ವರ ಇವುಗಳಿಗೆ ಒಂದೊಂದಕ್ಕೂ 0ಯಿಂದ 3ರವರೆಗೆ ಅಂಕ. ಹೊರಗಿನಿಂದ ಆಕ್ಸಿಜನ್ ಕೊಡುತ್ತಿದ್ದರೆ ಮತ್ತೆ 2.

ನಮ್ಮ ರೋಗಿಯ ಆಕ್ಸಿಜನ್ 94, ಅದಕ್ಕೆ 1. ನಾಡಿ 108, ಅದಕ್ಕೆ 1. ಜ್ವರ 38.2 ಡಿಗ್ರಿ ಸೆಲ್ಸಿಯಸ್, ಅದಕ್ಕೆ 1. ಮೇಲಿನ ಬಿಪಿ 118, ಪೂರ್ತಿ ಎಚ್ಚರ, ಹೊರಗಿನ ಆಕ್ಸಿಜನ್ ಇಲ್ಲ. ಇವಕ್ಕೆ ಸೊನ್ನೆ. ಉಸಿರು 20 ಅಂತ ಹಿಡಿದರೆ ಅದಕ್ಕೂ ಸೊನ್ನೆ. ಒಟ್ಟು 3. ಆ ಅಂಕಕ್ಕೆ ನಾಲ್ಕರಿಂದ ಆರು ಗಂಟೆಗೊಮ್ಮೆ ನೋಡಿದರೆ ಸಾಕು. ಉಸಿರು 26 ಅಂತ ಹಿಡಿದರೆ ಅದೊಂದಕ್ಕೇ 3 ಅಂಕ, ಒಟ್ಟು 6. ಈಗ ಕನಿಷ್ಠ ಗಂಟೆಗೊಮ್ಮೆ ನೋಡಬೇಕು, ವೈದ್ಯರಿಗೆ ತಕ್ಷಣ ತಿಳಿಸಬೇಕು. ಒಂದು ಅಂಕಿ ತಪ್ಪಾದದ್ದಕ್ಕೆ ಆ ರೋಗಿಯನ್ನು ಸಂಜೆವರೆಗೆ ಯಾರೂ ತಿರುಗಿ ನೋಡದೆ ಇರಬಹುದಿತ್ತು. ಬಿಪಿ ಇಳಿಯುವ ಹೊತ್ತಿಗೆ ಎಷ್ಟೋ ಸಲ ತಡವಾಗಿರುತ್ತದೆ. ಉಸಿರು ಅದಕ್ಕಿಂತ ಮುಂಚೆಯೇ ಏರಲು ಶುರುವಾಗಿರುತ್ತದೆ.

ವೈದ್ಯರನ್ನು ಕರೆದೆವು. ಅವರು ಬಂದು ನೋಡಿದರು, ಔಷಧಿ ಬದಲಿಸಿದರು, ಆಕ್ಸಿಜನ್ ಹಾಕಿಸಿದರು. ರೋಗಿ ಚೇತರಿಸಿಕೊಂಡರು.

ಆ ಸಂಜೆ ನನ್ನ ಡೈರಿಯಲ್ಲಿ ಬರೆದುಕೊಂಡದ್ದು ಒಂದೇ ಪದ: ನಿರ್ಲಕ್ಷ್ಯ. ಅದು ತಪ್ಪು. ಅದು ನಾನು ಕಂಡದ್ದಲ್ಲ, ನಾನು ಕಟ್ಟಿಕೊಂಡ ತೀರ್ಮಾನ. ಕಂಡದ್ದು ಇಷ್ಟೇ: ಚಾರ್ಟ್‌ನಲ್ಲಿ 20, ನಾನು ಎಣಿಸಿದಾಗ 26, ಅದೇ ಸುತ್ತಿನಲ್ಲಿ ಒಂಬತ್ತರಲ್ಲಿ ಏಳು ಜನಕ್ಕೆ ಒಂದೇ ಅಂಕಿ. ಮರುದಿನ ಆ ಪದ ಹೊಡೆದುಹಾಕಿ ಇದನ್ನು ಬರೆದೆ. ಆಮೇಲೆ ಆಕೆಯನ್ನೇ ಕೇಳಿದೆ. "ಬೈಯಲು ಕೇಳುತ್ತಿಲ್ಲ. ಆ 20 ಎಲ್ಲಿಂದ ಬಂತು ಹೇಳಿ."

ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು. "ಬಿಪಿ, ನಾಡಿ, ಆಕ್ಸಿಜನ್ ಎಲ್ಲ ಮೆಷಿನ್‌ನಲ್ಲಿ ಬಂತು ಮೇಡಂ. ಉಸಿರಿನ ಜಾಗ ಖಾಲಿ ಉಳೀತು. ಬೆಳಿಗ್ಗೆ 20 ಇತ್ತು. ಅವರು ಆರಾಮಾಗಿ ಮಾತಾಡ್ತಾ ಇದ್ರು. ಹಾಗೇ ಇರಬೇಕು ಅಂತ ಬರೆದೆ."

ಈ ಉತ್ತರ ಸಿಗದೇ ಇದ್ದಿದ್ದರೆ ನನ್ನ ಪತ್ರ ಪೂರ್ತಿ ದಾರಿ ತಪ್ಪುತ್ತಿತ್ತು. ವಾರ್ಡ್‌ನಲ್ಲಿ ಬಳಸುವ ಸಾಮಾನ್ಯ ಮೆಷಿನ್ ಬಿಪಿ, ನಾಡಿ, ಆಕ್ಸಿಜನ್ ಅಂಕಿಗಳನ್ನು ಕೊಡುತ್ತದೆ, ಉಸಿರಿನದನ್ನು ಕೊಡುವುದಿಲ್ಲ. ಅದನ್ನು ಮನುಷ್ಯರೇ ನಿಂತು ಎಣಿಸಬೇಕು. ಮೆಷಿನ್ ಕೊಟ್ಟದ್ದನ್ನು ಆಕೆ ಒಂದೂ ತಪ್ಪಿಲ್ಲದೆ ಬರೆದಿದ್ದಳು. ಅಂದರೆ ಕೊರತೆ ಚಾರ್ಟ್ ಬರೆಯುವುದರಲ್ಲಿ ಇರಲಿಲ್ಲ. "ಚಾರ್ಟ್ ಬರೆಯುವಾಗ ಇನ್ನೂ ಗಮನ ಬೇಕು" ಅಂತ ಬರೆದಿದ್ದರೆ ಆಕೆ ಇನ್ನೂ ಅಂದವಾಗಿ, ಇನ್ನೂ ಬೇಗ ಚಾರ್ಟ್ ತುಂಬುತ್ತಿದ್ದಳು. ಉಸಿರು ಮಾತ್ರ 20 ಆಗಿಯೇ ಉಳಿಯುತ್ತಿತ್ತು.

ಇನ್ನು ಶಕ್ತಿಯ ಮಾತು. ಇಲ್ಲಿ ನಾವು ಜಾಸ್ತಿ ಸೋಮಾರಿಗಳಾಗುತ್ತೇವೆ. ಕೊರತೆ ಬರೆಯುವಾಗಲಾದರೂ ಆಧಾರ ಹುಡುಕುತ್ತೇವೆ, ಹೊಗಳುವಾಗ ಬಾಯಿಗೆ ಬಂದ ಒಳ್ಳೆ ಮಾತು ಹಾಕಿ ಮುಗಿಸುತ್ತೇವೆ. ಆದರೆ ತಾನು ಮಾಡಿದ್ದರಲ್ಲಿ ಯಾವುದು ಸರಿಯಾಗಿತ್ತು ಅಂತ ಗೊತ್ತಿಲ್ಲದಿದ್ದರೆ ಅದನ್ನು ಮತ್ತೆ ಮಾಡುವುದು ಹೇಗೆ?

ಇದೇ ಇಂಟರ್ನ್, ನಾಲ್ಕನೇ ತಿಂಗಳು. ಬೆಳಿಗ್ಗೆ ಎಂಟು ಗಂಟೆಯ ಮಾತ್ರೆ ಕೊಡುವ ಹೊತ್ತು. ವಾರ್ಡ್‌ನಲ್ಲಿ ಅದಕ್ಕಿಂತ ಗಡಿಬಿಡಿಯ ಸಮಯ ಇನ್ನೊಂದಿಲ್ಲ. ಒಬ್ಬ ವಯಸ್ಸಾದವರು ಮಾತ್ರೆ ಬೇಡ ಅಂತ ಮುಖ ತಿರುಗಿಸಿದರು. ಹಿಂದಿನ ಎರಡು ದಿನದ ಚಾರ್ಟ್‌ನಲ್ಲಿ "ರೋಗಿ ನಿರಾಕರಿಸಿದರು" ಅಂತ ಬರೆದು ಮುಂದೆ ಹೋಗಿದ್ದರು. ಆಕೆ ಸ್ಟೂಲ್ ಎಳೆದುಕೊಂಡು ಅವರ ಕಿವಿ ಕೇಳುವ ಕಡೆ ಕೂತಳು. ಬೇಡ ಅಂದದ್ದಲ್ಲ, ದೊಡ್ಡ ಮಾತ್ರೆ ಗಂಟಲಲ್ಲಿ ಇಳಿಯುತ್ತಿರಲಿಲ್ಲ ಅಂತ ಗೊತ್ತಾಯಿತು. ಪಕ್ಕದಲ್ಲಿದ್ದವರು ಪುಡಿ ಮಾಡಿ ಕೊಡು ಅಂದರು. ಆಕೆ ಪುಡಿ ಮಾಡಲಿಲ್ಲ. ಮಾತ್ರೆಯ ಪಟ್ಟಿ ತಿರುಗಿಸಿ ಓದಿದಳು, ನನ್ನ ಹತ್ತಿರ ಬಂದು ಕೇಳಿದಳು. ಅದು ದಿನವಿಡೀ ನಿಧಾನವಾಗಿ ಕರಗಬೇಕಾದ ಮಾತ್ರೆ. ಪುಡಿ ಮಾಡಿದರೆ ಇಡೀ ದಿನದ ಔಷಧಿ ಒಂದೇ ಸಲಕ್ಕೆ ಮೈ ಸೇರುತ್ತದೆ. ವೈದ್ಯರಿಗೆ ತಿಳಿಸಿ ಬೇರೆ ರೂಪದ ಔಷಧಿ ಬರೆಸಿದೆವು.

"ರೋಗಿಗಳ ಜೊತೆ ಸೌಜನ್ಯದಿಂದ ಇರುತ್ತಾರೆ" ಅನ್ನುವ ಸಾಲಿನಲ್ಲಿ ಇದೆಲ್ಲ ಎಲ್ಲಿದೆ? ಆಕೆ ಮಾಡಿದ್ದು ಬರೀ ಸೌಜನ್ಯ ಅಲ್ಲ. ಕಾರಣ ಹುಡುಕಿದಳು. ಗೊತ್ತಿಲ್ಲದ ಕೆಲಸಕ್ಕೆ ಕೈ ಹಾಕುವ ಮುಂಚೆ ಕೇಳಿದಳು.

ಪತ್ರ ಬರೆಯುವ ಹಿಂದಿನ ದಿನ ಈ ಎರಡೂ ಟಿಪ್ಪಣಿಗಳನ್ನು ಅಕ್ಕಪಕ್ಕ ಇಟ್ಟುಕೊಂಡು ಕೂತೆ. ಗಡಿಬಿಡಿ ಇದ್ದರೆ ಈಕೆ ತಪ್ಪುತ್ತಾಳೆ ಅಂತ ಮೊದಲು ಅಂದುಕೊಂಡಿದ್ದೆ. ಆದರೆ ಮಾತ್ರೆ ಕೊಡುವ ಹೊತ್ತು ವೈಟಲ್ಸ್ ಹೊತ್ತಿಗಿಂತ ಎರಡು ಪಾಲು ಗಡಿಬಿಡಿ. ಅಲ್ಲಿ ನಿಂತಳು, ಇಲ್ಲಿ ನಿಲ್ಲಲಿಲ್ಲ. ಹಾಗಾದರೆ ಗಡಿಬಿಡಿ ಕಾರಣ ಅಲ್ಲ, ಅಲ್ವಾ? ನಿಧಾನವಾಗಿ ಹೊಳೆಯಿತು. ಮಾತ್ರೆ ಬೇಡ ಅಂದವರು ಏನೋ ಸರಿಯಿಲ್ಲ ಅಂತ ತೋರಿಸಿಕೊಟ್ಟಿದ್ದರು. ನ್ಯುಮೋನಿಯಾದವರು ಏನನ್ನೂ ತೋರಿಸಿರಲಿಲ್ಲ, ಮಗನ ಜೊತೆ ಮಾತಾಡುತ್ತಿದ್ದರು. ತೊಂದರೆ ಕಣ್ಣಿಗೆ ಬಿದ್ದರೆ ಈ ಹುಡುಗಿ ನಿಲ್ಲುತ್ತಾಳೆ, ಬೀಳದಿದ್ದರೆ ಎಲ್ಲ ಸರಿಯಿದೆ ಅಂದುಕೊಂಡು ಮುಂದೆ ಹೋಗುತ್ತಾಳೆ. ಶಕ್ತಿಯೂ ಕೊರತೆಯೂ ಒಂದೇ ಅಭ್ಯಾಸದ ಎರಡು ತುದಿ.

ಪತ್ರ ಬರೆಯುವವರಿಗೆ ನಾನು ಹೇಳಬೇಕಾದ ಮುಖ್ಯ ವಿಷಯ ಇದು. "ಜಾಗರೂಕತೆ ಇದೆ" ಅಥವಾ "ಜಾಗರೂಕತೆ ಇಲ್ಲ" ಅನ್ನುವುದು ಯಾರಿಗೂ ಪೂರ್ತಿ ನಿಜವಲ್ಲ. ಯಾವ ಸಂದರ್ಭದಲ್ಲಿ ಇತ್ತು, ಯಾವ ಸಂದರ್ಭದಲ್ಲಿ ಇರಲಿಲ್ಲ ಅನ್ನುವುದನ್ನು ಬರೆಯಬೇಕು. ಅದಕ್ಕೆ ಕನಿಷ್ಠ ಎರಡು ಘಟನೆ ಬೇಕು, ದಿನಾಂಕದ ಸಮೇತ. ಆರು ತಿಂಗಳಾದ ಮೇಲೆ ನೆನಪಿನಿಂದ ಬರೆದರೆ ಕೊನೆಯ ಎರಡು ವಾರ ಮಾತ್ರ ಕಣ್ಣ ಮುಂದೆ ಇರುತ್ತದೆ. ಅದಕ್ಕೆ ನಾನು ಡೈರಿಯಲ್ಲಿ ಪ್ರತಿ ಇಂಟರ್ನ್‌ಗೂ ವಾರಕ್ಕೆ ಎರಡು ಸಾಲು ಬರೆಯುತ್ತೇನೆ. ದಿನ, ಶಿಫ್ಟ್, ಕಂಡದ್ದು. ಬೇರೆಯವರು ಹೇಳಿದ್ದಾದರೆ ಪಕ್ಕದಲ್ಲಿ "ಕೇಳಿದ್ದು" ಅಂತ ಗುರುತು. ಕೇಳಿದ್ದು ಪತ್ರಕ್ಕೆ ಹೋಗುವುದಿಲ್ಲ.

ಪತ್ರಕ್ಕೆ ಹೋಗಬಾರದ್ದು ಇನ್ನೂ ಕೆಲವಿವೆ. ರೋಗಿಯ ಹೆಸರು, ಮಂಚದ ನಂಬರ್. ಇಂಟರ್ನ್ ಮೈ ಹುಷಾರಿಲ್ಲದೆ ರಜೆ ಹಾಕಿದ್ದು, ಮನೆಯ ವಿಷಯ. ಆಮೇಲೆ, ಮುಖತಃ ಒಮ್ಮೆಯೂ ಹೇಳದ ಕೊರತೆ. ಆರು ತಿಂಗಳು ಸುಮ್ಮನಿದ್ದು ಹೊರಡುವ ದಿನ ಕಾಗದದಲ್ಲಿ ಕೊಟ್ಟರೆ ಅದು ದ್ರೋಹ. ಆಕೆಗೆ ತಿದ್ದಿಕೊಳ್ಳಲು ಒಂದು ದಿನವೂ ಸಿಗಲಿಲ್ಲವಲ್ಲ.

ಇದರ ಉಲ್ಟಾ ತಪ್ಪೂ ಇದೆ, ಬಹುಶಃ ಅದೇ ಜಾಸ್ತಿ. ಪಾಪ, ಹೊರಡುವ ಹುಡುಗಿ, ಯಾಕೆ ಮನಸ್ಸು ನೋಯಿಸುವುದು ಅಂತ ಕೊರತೆಯನ್ನೇ ಬಿಟ್ಟುಬಿಡುವುದು. 2003ರಲ್ಲಿ ಸ್ಕಾಟ್ಲೆಂಡಿನ ಕ್ಯಾಥ್ಲೀನ್ ಡಫಿ ಎಂಬ ಸಂಶೋಧಕಿ ನರ್ಸಿಂಗ್ ವಿದ್ಯಾರ್ಥಿಗಳಿಗೆ ಕಲಿಸುವವರನ್ನು ಮಾತಾಡಿಸಿ ಇದನ್ನೇ ದಾಖಲಿಸಿದರು. ವಿದ್ಯಾರ್ಥಿಯ ಕೆಲಸದ ಬಗ್ಗೆ ಅನುಮಾನ ಇದ್ದರೂ ಫೇಲ್ ಮಾಡಲು ಹಿಂಜರಿದು ಪಾಸ್ ಮಾಡುತ್ತಾರೆ. ನಮ್ಮ ಪತ್ರ ಪಾಸ್, ಫೇಲ್ ಮಾಡುವುದಿಲ್ಲ. ಆದರೂ ಇಲ್ಲಿ ಬಿಟ್ಟ ಸಾಲನ್ನು ಮುಂದಿನ ವಾರ್ಡ್‌ನಲ್ಲಿ ಯಾವುದೋ ರೋಗಿ ಅನುಭವಿಸಬೇಕಾಗುತ್ತದೆ.

ಒಮ್ಮೆ ಹೇಳಿದ ಮೇಲೆ ಏನಾಯಿತು ಅನ್ನುವುದನ್ನೂ ಬರೆಯಬೇಕು. ಕೊನೆಯ ಮೂರು ವಾರ ನಾನು ನಾಲ್ಕು ಸಲ, ಮುಂಚೆ ಹೇಳದೆ, ಆಕೆ ಬರೆದ ಕೂಡಲೇ ಅದೇ ರೋಗಿಯ ಉಸಿರನ್ನು ಎಣಿಸಿ ನೋಡಿದೆ. ಮೂರು ಸಲ ಇಬ್ಬರ ಲೆಕ್ಕಕ್ಕೂ ಒಂದೋ ಎರಡೋ ಉಸಿರಿನ ವ್ಯತ್ಯಾಸ. ಉಸಿರು ನಿಮಿಷದಿಂದ ನಿಮಿಷಕ್ಕೆ ಅಷ್ಟು ಬದಲಾಗುವುದು ಸಹಜ. ಒಂದು ಸಲ ಮಾತ್ರ ಆಕೆ 20 ಬರೆದಿದ್ದಳು, ನನಗೆ 24 ಬಂತು.

ಕೊನೆಗೆ ಪತ್ರ ಹೀಗಾಯಿತು.

> ನಮಸ್ಕಾರ. ಆರು ತಿಂಗಳಲ್ಲಿ ನಾನು ನೇರವಾಗಿ ನೋಡಿದ್ದರ ಮೇಲೆ ಈ ಪತ್ರ ಬರೆಯುತ್ತಿದ್ದೇನೆ. ನಾನು ನೋಡಿದ್ದು ಹಗಲು ಶಿಫ್ಟ್‌ಗಳಲ್ಲಿ ಮಾತ್ರ. ನಿಮ್ಮ ರಾತ್ರಿ ಡ್ಯೂಟಿಯ ಬಗ್ಗೆ ಈ ಪತ್ರ ಏನನ್ನೂ ಹೇಳುವುದಿಲ್ಲ.
>
> ನಾಲ್ಕನೇ ತಿಂಗಳು, ಬೆಳಗಿನ ಮಾತ್ರೆ ಕೊಡುವಾಗ, ಎರಡು ದಿನದಿಂದ ಮಾತ್ರೆ ಬೇಡ ಅನ್ನುತ್ತಿದ್ದ ಒಬ್ಬರ ಪಕ್ಕ ಕೂತು ಕಾರಣ ಕೇಳಿದಿರಿ. ನುಂಗಲು ಆಗುತ್ತಿಲ್ಲ ಅಂತ ಕಂಡುಹಿಡಿದಿರಿ. ಪುಡಿ ಮಾಡಲು ಹೇಳಿದರೂ ಮಾಡದೆ, ಪಟ್ಟಿ ಓದಿ, ನನ್ನನ್ನು ಕೇಳಿದಿರಿ. ಅದು ನಿಧಾನವಾಗಿ ಕರಗುವ ಮಾತ್ರೆ ಆಗಿತ್ತು. ನೀವು ಕೇಳಿದ್ದರಿಂದ ರೋಗಿಗೆ ಒಂದೇ ಸಲಕ್ಕೆ ಜಾಸ್ತಿ ಔಷಧಿ ಹೋಗುವುದು ತಪ್ಪಿತು. ಇಂಥದ್ದನ್ನು ಇನ್ನೂ ಎರಡು ಸಲ ನೋಡಿದ್ದೇನೆ. ಏನೋ ಸರಿಯಿಲ್ಲ ಅನ್ನಿಸಿದಾಗ, ಎಷ್ಟೇ ಅವಸರ ಇದ್ದರೂ, ನೀವು ನಿಲ್ಲುತ್ತೀರಿ.
>
> ಎರಡನೇ ತಿಂಗಳು, ಮಧ್ಯಾಹ್ನದ ಒಂದು ಸುತ್ತಿನಲ್ಲಿ ಒಂಬತ್ತು ರೋಗಿಗಳಲ್ಲಿ ಏಳು ಜನಕ್ಕೆ ಉಸಿರಾಟ 20 ಅಂತ ಬರೆದಿದ್ದಿರಿ. ಅವರಲ್ಲಿ ಒಬ್ಬರಿಗೆ ನಾನು ಎಣಿಸಿದಾಗ 26 ಇತ್ತು. ಅದರಿಂದ ಅವರ ಒಟ್ಟು ಅಂಕ 3 ಇದ್ದದ್ದು 6 ಆಯಿತು, ವೈದ್ಯರನ್ನು ತಕ್ಷಣ ಕರೆಯಬೇಕಾಯಿತು. ಬೆಳಗಿನ ಅಂಕಿಯನ್ನೇ ಬರೆದೆ ಅಂತ ನೀವು ಪ್ರಾಮಾಣಿಕವಾಗಿ ಹೇಳಿದಿರಿ. ಮೆಷಿನ್ ಕೊಡುವ ಅಂಕಿಗಳಲ್ಲಿ ನಿಮ್ಮಿಂದ ತಪ್ಪು ಆದದ್ದನ್ನು ನಾನು ನೋಡಿಲ್ಲ. ರೋಗಿ ಆರಾಮಾಗಿ ಕಂಡಾಗ, ಕೈಯಿಂದ ಅಳೆಯಬೇಕಾದದ್ದು ಬಿಟ್ಟುಹೋಗುತ್ತದೆ.
>
> ಕೊನೆಯ ಮೂರು ವಾರಗಳಲ್ಲಿ ನಾಲ್ಕು ಸಲ ಹೋಲಿಸಿ ನೋಡಿದೆ. ಮೂರು ಸಲ ನಿಮ್ಮ ಲೆಕ್ಕ ಸರಿಯಿತ್ತು. ಮುಂದಿನ ವಾರ್ಡ್‌ನಲ್ಲಿ ಮೊದಲ ತಿಂಗಳು ಮೆಷಿನ್ ಹಚ್ಚುವ ಮುಂಚೆಯೇ ಉಸಿರನ್ನು ಪೂರ್ತಿ ಒಂದು ನಿಮಿಷ ಎಣಿಸಿ ಬರೆಯಿರಿ. ಹಿಂದಿನ ಅಂಕಿಯನ್ನು ಆಮೇಲೆ ನೋಡಿ. ವಾರಕ್ಕೊಮ್ಮೆ ಹಿರಿಯರೊಬ್ಬರಿಗೆ ಅದೇ ರೋಗಿಯ ಉಸಿರು ಎಣಿಸಲು ಹೇಳಿ, ಹೋಲಿಸಿ ನೋಡಿಕೊಳ್ಳಿ.

ಸಲಹೆಯ ಆ ಭಾಗವನ್ನು ಎರಡು ಸಲ ತಿದ್ದಿದೆ. ಮೊದಲು "ಉಸಿರಾಟ ಎಣಿಸುವುದನ್ನು ರೂಢಿಸಿಕೊಳ್ಳಿ" ಅಂತಿತ್ತು. ಎಣಿಸುವುದು ಆಕೆಗೆ ಗೊತ್ತಿತ್ತು. ಗೊತ್ತಿಲ್ಲದ ಕೊರತೆಗೂ, ಗೊತ್ತಿದ್ದೂ ಕೈತಪ್ಪುವ ಕೊರತೆಗೂ ಮದ್ದು ಬೇರೆ. ಮೊದಲನೆಯದಕ್ಕೆ ಕಲಿಸಬೇಕು. ಎರಡನೆಯದಕ್ಕೆ ಕೆಲಸದ ಕ್ರಮ ಬದಲಿಸಬೇಕು. ಮೆಷಿನ್‌ಗಿಂತ ಮುಂಚೆ ಉಸಿರು ಎಣಿಸಿದರೆ, ಕೊನೆಗೆ ಉಳಿಯುವ ಖಾಲಿ ಜಾಗವೇ ಇರುವುದಿಲ್ಲ.

ಪತ್ರವನ್ನು ಕವರ್‌ನಲ್ಲಿ ಹಾಕಿ ಕೊಡಲಿಲ್ಲ. ಕೊನೆಯ ದಿನಕ್ಕೆ ಎರಡು ದಿನ ಮುಂಚೆ, ಡ್ಯೂಟಿ ಮುಗಿದ ಮೇಲೆ, ಎದುರು ಕೂರಿಸಿ ಓದಲು ಕೊಟ್ಟೆ. ಆಕೆ ನಿಧಾನವಾಗಿ ಓದಿದಳು. ಮಾತ್ರೆಯ ವಿಷಯ ಬಂದಾಗ ಮುಖ ಅರಳಿತು. 26ರ ವಿಷಯ ಬಂದಾಗ ತಲೆಯಾಡಿಸಿದಳು. ಕೊನೆಯ ಪ್ಯಾರಾದಲ್ಲಿ ನಿಂತಳು.

"ನಾಲ್ಕರಲ್ಲಿ ಮೂರು ಅಂತ ಇದೆ. ಆ ಒಂದು ಯಾವಾಗ ಮೇಡಂ?"

ನಾನು ಅದನ್ನು ಬರೆದಿರಲಿಲ್ಲ. ಡೈರಿ ತೆಗೆದು ನೋಡಿದೆ. ಮರುದಿನ ಬೆಳಿಗ್ಗೆ ಡಿಸ್ಚಾರ್ಜ್ ಆಗಬೇಕಿದ್ದ ರೋಗಿ. ಸಂಜೆ ಬಟ್ಟೆ ಜೋಡಿಸಿಕೊಂಡು ಕೂತಿದ್ದರು. 24 ಬಂದದ್ದಕ್ಕೆ ನಾನೇ ವೈದ್ಯರಿಗೆ ತಿಳಿಸಿದ್ದೆ, ಮತ್ತೊಮ್ಮೆ ನೋಡಲಿ ಅಂತ.

"ಮನೆಗೆ ಹೋಗೋರು ಅಂತ..." ಅಂದವಳು ಅಲ್ಲಿಗೇ ನಿಲ್ಲಿಸಿದಳು.

ಪತ್ರ ವಾಪಸ್ ತೆಗೆದುಕೊಂಡೆ. "ಮೂರು ಸಲ ನಿಮ್ಮ ಲೆಕ್ಕ ಸರಿಯಿತ್ತು" ಅನ್ನುವುದರ ಮುಂದೆ ಪೆನ್ನಿನಲ್ಲಿ ಸೇರಿಸಿದೆ: "ತಪ್ಪಿದ ಒಂದು ಸಲ, ರೋಗಿ ಮನೆಗೆ ಹೊರಡಲು ಸಿದ್ಧರಾಗಿದ್ದರು." ಕೆಳಗೆ ಇಬ್ಬರೂ ಸಹಿ ಮಾಡಿದೆವು.